ಒಂದು ಗಂಟೆಯ ಬಗ್ ಬ್ಯಾಷ್: ದೋಷ ಹುಡುಕುವುದು, ಬರೆದಿಡುವುದು, ಜೋಡಿಗಳನ್ನು ಬೇರ್ಪಡಿಸುವುದು

ಒಂದು ಆ್ಯಪ್ ತಯಾರಾದ ಮೇಲೆ ಅದನ್ನು ಮಾಡಿದವರೇ ಪರೀಕ್ಷಿಸಿದರೆ ಹೆಚ್ಚು ದೋಷಗಳು ಸಿಗುವುದಿಲ್ಲ. ಯಾವ ಗುಂಡಿಯನ್ನು ಯಾವಾಗ ಒತ್ತಬೇಕೆಂದು ಅವರಿಗೆ ಗೊತ್ತಿರುತ್ತದೆ, ಕೈ ತಾನಾಗಿಯೇ ಸರಿಯಾದ ದಾರಿಯಲ್ಲಿ ಹೋಗುತ್ತದೆ. ಅದಕ್ಕೇ ಬೇರೆ ಬೇರೆ ಜನರನ್ನು ಒಂದೇ ಹೊತ್ತಿನಲ್ಲಿ ಕೂರಿಸಿ, 'ಇದನ್ನು ಕೆಡಿಸಿ ತೋರಿಸಿ' ಎಂದು ಹೇಳುವ ಪದ್ಧತಿ ಸಾಫ್ಟ್‌ವೇರ್ ಕೆಲಸದಲ್ಲಿದೆ. ಇದಕ್ಕೆ ಬಗ್ ಬ್ಯಾಷ್ ಎನ್ನುತ್ತಾರೆ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು ಗ್ರಂಥಾಲಯಕ್ಕಾಗಿ ಒಂದು ಸಣ್ಣ ಆ್ಯಪ್ ಮಾಡಿಕೊಟ್ಟಾಗ, ದ್ವಿತೀಯ ಪಿಯುಸಿಯ ನಾವು ಹನ್ನೆರಡು ಜನ ಸೇರಿ ಇದನ್ನು ನಡೆಸಿದೆವು. ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಸಿದ್ಧತೆ

ಆ ಒಂದು ಗಂಟೆಯಲ್ಲಿ ಆ್ಯಪ್ ಬದಲಾಗಬಾರದು. ನಡುವೆ ಯಾರಾದರೂ ಒಂದು ದೋಷವನ್ನು ಸರಿಪಡಿಸಿಬಿಟ್ಟರೆ, ಹತ್ತು ನಿಮಿಷದ ಹಿಂದೆ ಬರೆದದ್ದು ಯಾವ ಆವೃತ್ತಿಯದು ಎಂದೇ ತಿಳಿಯುವುದಿಲ್ಲ. ಆದ್ದರಿಂದ ಆವೃತ್ತಿಯ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದೆವು. ಆ್ಯಪ್ ಮಾಡಿದ ಅಣ್ಣ ಅಲ್ಲೇ ಕೂತಿದ್ದರೂ ಕೋಡ್ ಮುಟ್ಟಲಿಲ್ಲ.

ನಿಜವಾದ ಸದಸ್ಯರ ಪಟ್ಟಿಯ ಬದಲು ಅದೇ ರೀತಿಯ ಕಲ್ಪಿತ ಹೆಸರುಗಳ ಪಟ್ಟಿ ಹಾಕಿದೆವು. ಅದರಲ್ಲಿ ಕೆಲವು ಪುಸ್ತಕಗಳನ್ನು ಇಪ್ಪತ್ತು ದಿನಗಳ ಹಿಂದೆಯೇ ಕೊಟ್ಟಂತೆ ತಾರೀಖು ತುಂಬಿದೆವು. ತಡವಾದ ಪುಸ್ತಕಕ್ಕೆ ದಂಡ ಸರಿಯಾಗಿ ಬೀಳುತ್ತದೆಯೇ ಎಂಬುದು ಒಂದು ಗಂಟೆಯಲ್ಲಿ ತಾನಾಗಿ ಕಾಣುವ ವಿಷಯವಲ್ಲ, ಮೊದಲೇ ಹೀಗೆ ವ್ಯವಸ್ಥೆ ಮಾಡಿಡಬೇಕು.

ಇಬ್ಬಿಬ್ಬರ ಆರು ಜೋಡಿ ಮಾಡಿ, ಹುಡುಕಾಟ, ಪುಸ್ತಕ ಕೊಡುವುದು, ಮರಳಿ ಪಡೆಯುವುದು ಹೀಗೆ ಒಂದೊಂದು ಭಾಗವನ್ನು ಹಂಚಿದೆವು. ಒಬ್ಬರು ಫೋನ್ ಹಿಡಿಯುವುದು, ಇನ್ನೊಬ್ಬರು ಬರೆಯುವುದು. ಅರ್ಧ ಗಂಟೆಯ ನಂತರ ಭಾಗಗಳ ಅದಲುಬದಲು.

ಬೇಗ ಬರೆಯುವುದು ಹೇಗೆ

ಒಂದು ದೋಷ ಬರೆಯಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಜನ ಬರೆಯುವುದನ್ನೇ ಬಿಡುತ್ತಾರೆ. ಅದಕ್ಕೆ ಎಲ್ಲರೂ ತುಂಬಬಹುದಾದ ಒಂದೇ ಶೀಟ್ ಇಟ್ಟು ಐದೇ ಕಾಲಂ ಮಾಡಿದೆವು: ಯಾವ ಪರದೆ, ಏನು ಮಾಡಿದೆ, ಏನಾಯಿತು, ಏನಾಗಬೇಕಿತ್ತು, ಯಾವ ಫೋನ್. 'ಹುಡುಕಾಟ ಕೆಲಸ ಮಾಡುತ್ತಿಲ್ಲ' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. 'ಸದಸ್ಯರ ಹುಡುಕಾಟದಲ್ಲಿ ಫಾತಿಮಾ ಎಂದು ಹಾಕಿದೆ, ಯಾರೂ ಇಲ್ಲ ಎಂದು ಬಂತು, ಪಟ್ಟಿಯಲ್ಲಿ ಆ ಹೆಸರು ಇದೆ' ಎಂದು ಬರೆದರೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಬಹುದು.

ಎರಡು ನಿಯಮಗಳನ್ನು ಕಡ್ಡಾಯ ಮಾಡಿದೆವು. ಒಂದು, ಹುಡುಕಿದ ಪದವನ್ನು ಶೀಟಿನಲ್ಲಿ ಹೊಸದಾಗಿ ಟೈಪ್ ಮಾಡದೆ ಆ್ಯಪ್‌ನಿಂದ ಕಾಪಿ ಮಾಡಿ ಹಾಕಬೇಕು. ಕಾರಣ ಮುಂದೆ ತಿಳಿಯುತ್ತದೆ. ಎರಡು, 'ಇದನ್ನು ಬೇರೆ ಯಾರಾದರೂ ಬರೆದಿದ್ದಾರೆಯೇ' ಎಂದು ಆ ಗಂಟೆಯಲ್ಲಿ ಹುಡುಕಬಾರದು. ಹುಡುಕಲು ಹೋದರೆ ಸಮಯ ಅಲ್ಲೇ ಮುಗಿಯುತ್ತದೆ. ಜೊತೆಗೆ, ಮೇಲ್ನೋಟಕ್ಕೆ ಒಂದೇ ಎನಿಸಿ ಬಿಟ್ಟ ದೋಷ ನಿಜಕ್ಕೂ ಬೇರೆಯೇ ಆಗಿರಬಹುದು.

ಜೋಡಿಗಳನ್ನು ಬೇರ್ಪಡಿಸುವುದು

ಗಂಟೆ ಮುಗಿದಾಗ ಶೀಟಿನಲ್ಲಿ 38 ಸಾಲುಗಳಿದ್ದವು. ಐದು ಸಾಲುಗಳು ದೋಷಗಳಲ್ಲ, 'ಬಣ್ಣ ಬೇರೆ ಇದ್ದರೆ ಚೆನ್ನ' ಎಂಬಂಥ ಸಲಹೆಗಳು. ಅವನ್ನು ಬೇರೆ ಪಟ್ಟಿಗೆ ಹಾಕಿದೆವು. ಉಳಿದ 33ನ್ನು ಪರದೆಯ ಹೆಸರಿನ ಪ್ರಕಾರ ಜೋಡಿಸಿ ಒಂದೊಂದಾಗಿ ಓದಿದೆವು. ಇಲ್ಲಿ ಕೇಳಬೇಕಾದ ಪ್ರಶ್ನೆ 'ಎರಡೂ ಒಂದೇ ರೀತಿ ಕಾಣುತ್ತವೆಯೇ' ಎಂಬುದಲ್ಲ, 'ಎರಡಕ್ಕೂ ಕಾರಣ ಒಂದೇನಾ' ಎಂಬುದು.

ಪುಸ್ತಕ ಕೊಡುವ ಭಾಗದ ಏಳು ಸಾಲುಗಳು ನೋಡಲು ಬೇರೆ ಬೇರೆ. ಒಬ್ಬರು 'ಒಂದೇ ಪುಸ್ತಕ ಎರಡು ಸಲ ದಾಖಲಾಗಿದೆ' ಎಂದರು, ಇನ್ನೊಬ್ಬರು 'ಉಳಿದ ಪ್ರತಿ -1 ಎಂದು ತೋರಿಸುತ್ತಿದೆ' ಎಂದರು, ಮತ್ತೊಬ್ಬರು 'ದಂಡ ಎರಡು ಪಟ್ಟು ಬಂತು' ಎಂದರು. ಮೂಲ ಒಂದೇ. ಸಿಗ್ನಲ್ ನಿಧಾನವಿದ್ದಾಗ ಗುಂಡಿಯನ್ನು ಎರಡು ಸಲ ಒತ್ತಿದರೆ ಎರಡೂ ಒತ್ತುಗಳು ದಾಖಲಾಗುತ್ತಿದ್ದವು. ಏಳು ಸಾಲು, ಒಂದೇ ದೋಷ.

ಹುಡುಕಾಟದ ಒಂಬತ್ತು ಸಾಲುಗಳಲ್ಲಿ ಇದಕ್ಕೆ ತದ್ವಿರುದ್ಧ. ಎಲ್ಲವೂ 'ಹೆಸರು ಸಿಗುತ್ತಿಲ್ಲ' ಎಂದೇ ಹೇಳುತ್ತಿದ್ದವು, ಆದರೆ ಕಾರಣ ಮೂರು. ನಾಲ್ಕು ಸಾಲುಗಳಲ್ಲಿ ನುಕ್ತಾ ಕಾರಣ: ಪಟ್ಟಿಯಲ್ಲಿ ಫ಼ಾತಿಮಾ, ಜ಼ಹೀರ್ ಎಂದು ಚುಕ್ಕೆ ಸಹಿತ ಇತ್ತು, ಹುಡುಕಿದವರು ಚುಕ್ಕೆ ಇಲ್ಲದೆ ಟೈಪ್ ಮಾಡಿದ್ದರು. ಎರಡು ಸಾಲುಗಳಲ್ಲಿ ಊರಿನ ಹೆಸರು: ನಮ್ಮ ಊರನ್ನು ಕೆಲವರು ಘತ್ತರಗಿ ಎಂದೂ ಕೆಲವರು ಘತ್ತರಗಾ ಎಂದೂ ಬರೆಯುತ್ತಾರೆ. ಉಳಿದ ಮೂರು ಸಾಲುಗಳು ಕಣ್ಣಿಗೆ ಕಾಣದ ದೋಷ. ಹುಡುಕಿದ ಪದವೂ ಪಟ್ಟಿಯ ಪದವೂ ಅಕ್ಷರಶಃ ಒಂದೇ ರೀತಿ ಕಾಣುತ್ತಿದ್ದವು, ಆದರೂ ಸಿಗುತ್ತಿರಲಿಲ್ಲ. ಮೂರರಲ್ಲೂ 'ಕೊ'ದಂಥ ಒತ್ವದ ಅಕ್ಷರ ಇತ್ತು. ಕಾಪಿ ಮಾಡಿದ ಪದವನ್ನು ಪೈಥಾನ್‌ಗೆ ಕೊಟ್ಟು ನೋಡಿದೆವು:

```python
for c in word:
    print(hex(ord(c)))
```

ಟೈಪ್ ಮಾಡಿದ 'ಕೊ'ಗೆ `0xc95 0xcca` ಬಂತು. ಪಟ್ಟಿಯ 'ಕೊ'ಗೆ `0xc95 0xcc6 0xcc2` ಬಂತು. ಯೂನಿಕೋಡ್‌ನಲ್ಲಿ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ತುಂಡುಗಳಾಗಿಯೂ ಇಡಬಹುದು. ಹಳೆಯ ಅಕ್ಷರಶೈಲಿಯಿಂದ ಪರಿವರ್ತಿಸಿದ ಪಟ್ಟಿಯಲ್ಲಿ ತುಂಡುಗಳು ಹಾಗೇ ಉಳಿದಿದ್ದವು. ಪದವನ್ನು ಶೀಟಿನಲ್ಲಿ ಕೈಯಿಂದ ಟೈಪ್ ಮಾಡಿದ್ದರೆ ಈ ವ್ಯತ್ಯಾಸ ಅಳಿಸಿಹೋಗಿ, ದೋಷದ ಸುಳಿವೇ ಸಿಗುತ್ತಿರಲಿಲ್ಲ.

ಮೂರಕ್ಕೂ ಪರಿಹಾರ ಬೇರೆ. ತುಂಡಾದ ಅಕ್ಷರಕ್ಕೆ ಎರಡೂ ಪದಗಳನ್ನು ಹೋಲಿಸುವ ಮೊದಲು ಒಂದೇ ರೂಪಕ್ಕೆ ತರಬೇಕು:

```python
unicodedata.normalize("NFC", word)
```

ಆದರೆ ಇದು ನುಕ್ತಾವನ್ನು ತೆಗೆಯುವುದಿಲ್ಲ. ಅದಕ್ಕೆ ಹೋಲಿಸುವಾಗ ಮಾತ್ರ ಚುಕ್ಕೆಯನ್ನು ಬಿಟ್ಟು ನೋಡಬೇಕು. ತೋರಿಸುವಾಗ ಹೆಸರು ಅವರು ಬರೆದಂತೆಯೇ ಇರಬೇಕು. ಊರಿನ ಹೆಸರಿಗೆ ಎರಡೂ ರೂಪಗಳ ಒಂದು ಪಟ್ಟಿಯೇ ಬೇಕು. ಒಂಬತ್ತನ್ನೂ ಒಂದೇ ಎಂದು ಕಟ್ಟಿಟ್ಟಿದ್ದರೆ ಒಂದನ್ನು ಸರಿಪಡಿಸಿ ಎಲ್ಲ ಮುಗಿಯಿತೆಂದು ಮುಚ್ಚಿಬಿಡುತ್ತಿದ್ದೆವು.

ಉಳಿದ 17 ಸಾಲುಗಳು 13 ದೋಷಗಳಾದವು. ಒಟ್ಟು 33 ಸಾಲು, 17 ದೋಷ.

ಕಟ್ಟಿಟ್ಟ ಮೇಲೆ

ಒಂದೇ ಕಾರಣದ ಸಾಲುಗಳಲ್ಲಿ ಮೊದಲು ಬರೆದದ್ದನ್ನಲ್ಲ, ಹೆಚ್ಚು ಸ್ಪಷ್ಟವಾದದ್ದನ್ನು ಮುಖ್ಯವೆಂದು ಇಟ್ಟುಕೊಳ್ಳಬೇಕು. ಉಳಿದವನ್ನು ಅಳಿಸಬಾರದು, ಮುಖ್ಯ ಸಾಲಿನ ಸಂಖ್ಯೆಯನ್ನು ಅವುಗಳ ಮುಂದೆ ಬರೆಯಬೇಕು. ದೊಡ್ಡ ಯೋಜನೆಗಳಲ್ಲೂ ಇದೇ ಕ್ರಮ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಬಗ್‌ಜಿಲ್ಲಾ ವ್ಯವಸ್ಥೆಯಲ್ಲಿ ಅಂಥ ವರದಿಗೆ `RESOLVED DUPLICATE` ಎಂಬ ಗುರುತು ಬೀಳುತ್ತದೆ, ಗಿಟ್‌ಹಬ್‌ನಲ್ಲಿ `Duplicate of #12` ಎಂದು ಬರೆಯುತ್ತಾರೆ. ಎರಡರಲ್ಲೂ ಹಳೆಯ ವರದಿ ಓದಲು ಸಿಗುತ್ತದೆ.

ಉಳಿಸಿಕೊಳ್ಳುವುದರ ಲಾಭ ದೋಷ ಸರಿಪಡಿಸಿದ ಮೇಲೆ ಗೊತ್ತಾಗುತ್ತದೆ. ಆಗ ಮುಖ್ಯ ಸಾಲಿನ ಹೆಜ್ಜೆಗಳನ್ನು ಮಾತ್ರವಲ್ಲ, ಅದಕ್ಕೆ ಕಟ್ಟಿದ ಪ್ರತಿ ಸಾಲಿನ ಹೆಜ್ಜೆಗಳನ್ನೂ ಮತ್ತೆ ಮಾಡಬೇಕು. ಯಾವುದಾದರೂ ಒಂದು ಇನ್ನೂ ಕೆಡುತ್ತಿದ್ದರೆ ಅದು ಜೋಡಿ ಅಲ್ಲ. ಅದನ್ನು ಬಿಚ್ಚಿ ಹೊಸ ದೋಷವೆಂದು ಬರೆಯಬೇಕು. ಗುಂಡಿಯ ಏಳು ಸಾಲುಗಳನ್ನು ಹೀಗೆ ಪರೀಕ್ಷಿಸಿದಾಗ ಏಳೂ ಸರಿಯಾದವು, ಅಲ್ಲಿಗೆ ಅವುಗಳನ್ನು ಮುಚ್ಚಿದೆವು.