ಅರ್ಧ ಗಂಟೆಗೊಮ್ಮೆ ಇಪ್ಪತ್ತು ಮಾತ್ರೆ

ಒಂದು ಲಕ್ಷ ಪ್ಯಾರಸಿಟಮಾಲ್ ಮಾತ್ರೆಗಳ ಒಂದು ಬ್ಯಾಚ್ ಎಂದುಕೊಳ್ಳಿ. ಪ್ರತಿ ಮಾತ್ರೆಯಲ್ಲಿ ಔಷಧ 500 ಮಿಲಿಗ್ರಾಂ. ಪಿಷ್ಟ, ಅಂಟು ಎಲ್ಲ ಸೇರಿ ತೂಕ 600 ಮಿಲಿಗ್ರಾಂ. ಒಟ್ಟು ಮಿಶ್ರಣ 60 ಕಿಲೋ. ಪ್ರಯೋಗಾಲಯದಲ್ಲಿ ಪುಡಿಮಾಡಿ ಪರೀಕ್ಷಿಸಿದ ಮಾತ್ರೆಯನ್ನು ಮಾರುವಂತಿಲ್ಲ, ಹಾಗಾಗಿ ಕೊನೆಗೆ ಪರೀಕ್ಷೆಗೆ ಹೋಗುವುದು ಕೆಲವೇ ಮಾತ್ರೆಗಳು. ಉಳಿದವು ಸರಿಯಿವೆ ಎಂದು ಹೇಳಬೇಕಾದರೆ ಪ್ರತಿ ಹಂತದಲ್ಲೂ ನೋಡಿರಬೇಕು, ನೋಡಿದ್ದನ್ನು ಬರೆದಿರಬೇಕು. ನಮ್ಮ ದೇಶದಲ್ಲಿ ಇದನ್ನು ಕಡ್ಡಾಯ ಮಾಡಿರುವುದು ಔಷಧ ನಿಯಮಗಳ ಶೆಡ್ಯೂಲ್ ಎಂ.

ಮೊದಲು ಕೋಣೆ. ಹಿಂದಿನ ಬ್ಯಾಚಿನ ಒಂದು ಮಾತ್ರೆ, ಒಂದು ಲೇಬಲ್ ಕೂಡ ಉಳಿದಿಲ್ಲವೆಂದು ಇಬ್ಬರು ನೋಡಿ ಸಹಿ ಹಾಕಿದ ಮೇಲೆಯೇ ಯಂತ್ರ ಚಾಲೂ. ಗಾಳಿಯ ಒತ್ತಡದ ವಿಷಯದಲ್ಲಿ ವಿದ್ಯಾರ್ಥಿಗಳು ಆಗಾಗ ಗೊಂದಲಕ್ಕೆ ಬೀಳುತ್ತಾರೆ. ಇಂಜೆಕ್ಷನ್ ತುಂಬುವ ಕೋಣೆಯಲ್ಲಿ ಒತ್ತಡ ಹೊರಗಿಗಿಂತ ಹೆಚ್ಚಿರಬೇಕು, ಏಕೆಂದರೆ ಹೊರಗಿನ ಕೊಳೆ ಒಳಗೆ ಬರಬಾರದು. ಮಾತ್ರೆ ಒತ್ತುವ ಕೋಣೆಯಲ್ಲಿ ಸಾಮಾನ್ಯವಾಗಿ ಓಣಿಗಿಂತ ಕಡಿಮೆ ಇಡುತ್ತಾರೆ. ಅಲ್ಲಿ ಏಳುವ ಔಷಧದ ಧೂಳು ಪಕ್ಕದ ಕೋಣೆಯ ಬೇರೆ ಔಷಧಕ್ಕೆ ಬೆರೆಯಬಾರದು.

ಇನ್ನು ಯಂತ್ರದ ಬಳಿ. ಅರ್ಧ ಗಂಟೆಗೊಮ್ಮೆ 20 ಮಾತ್ರೆ ತೆಗೆದು ಒಂದೊಂದಾಗಿ ತೂಗುತ್ತಾರೆ. ಈ ಗಾತ್ರದ ಮಾತ್ರೆಗೆ ಭಾರತೀಯ ಫಾರ್ಮಕೋಪಿಯಾ ಸರಾಸರಿಯಿಂದ ಶೇ 5ರಷ್ಟು ಆಚೀಚೆಗೆ ಒಪ್ಪುತ್ತದೆ. 20ರಲ್ಲಿ ಎರಡಕ್ಕಿಂತ ಹೆಚ್ಚು ಮಾತ್ರೆ ಅದನ್ನು ದಾಟಬಾರದು. ಸರಾಸರಿ ತೂಕಕ್ಕೆ ನಮ್ಮ ಕಾರ್ಖಾನೆ ತನ್ನದೇ ಬಿಗಿ ಮಿತಿ ಇಟ್ಟುಕೊಂಡಿದೆ ಎನ್ನಿ: 588ರಿಂದ 612. ಹನ್ನೊಂದು ಗಂಟೆಗೆ 601 ಬಂತು, ಹನ್ನೊಂದೂವರೆಗೆ 609, ಹನ್ನೆರಡಕ್ಕೆ 617. 609 ಮಿತಿಯೊಳಗೇ ಇತ್ತು, ಆದರೆ ಏರುವ ಜಾಡು ಆಗಲೇ ಕಾಣುತ್ತಿತ್ತು. ಅಲ್ಲಿಯೇ ಕೈ ಹಾಕುವವನು ಒಳ್ಳೆಯ ಕೆಲಸಗಾರ. 617ಕ್ಕೆ ಯಂತ್ರ ನಿಲ್ಲಿಸಲೇಬೇಕು. ಹನ್ನೊಂದೂವರೆಯ ನಂತರ ಬಿದ್ದ ಮಾತ್ರೆಗಳ ಡಬ್ಬವನ್ನು ಬೇರೆ ಇಟ್ಟು, ಹಾಪರಿನಲ್ಲಿ ನುಣುಪು ಪುಡಿಯೂ ದಪ್ಪ ಕಾಳೂ ಬೇರ್ಪಟ್ಟಿವೆಯೇ, ತೂಕದ ತಿರುಪು ಸಡಿಲಾಗಿದೆಯೇ ಎಂದು ಹುಡುಕಬೇಕು.

ಇಲ್ಲಿ ಉಳಿದ ಬ್ಯಾಚನ್ನು ಕಾಪಾಡಿದ್ದು ದಾಖಲೆಯ ಸಮಯದ ಕಾಲಂ. ಪಾಳಿ ಮುಗಿದ ಮೇಲೆ ನೆನಪಿನಿಂದ ತುಂಬಿದ್ದರೆ ಯಾವ ಡಬ್ಬದಿಂದ ಕೆಟ್ಟಿತೆಂದು ಯಾರೂ ಹೇಳಲಾರರು. ಅದಕ್ಕೇ ಮಾಡುತ್ತಿರುವಾಗಲೇ ಬರೆಯಬೇಕು. ತಪ್ಪಿದರೆ ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಕಾರಣ, ಸಹಿ, ದಿನಾಂಕ ಹಾಕಬೇಕು. ವೈಟ್ನರ್ ಹಚ್ಚಿದ ದಾಖಲೆಯನ್ನು ನಾನು ನಂಬುವುದಿಲ್ಲ.

ತೂಕವೊಂದೇ ಸಾಲದು. ಮೆಗ್ನೀಸಿಯಂ ಸ್ಟಿಯರೇಟ್ ಸೇರಿಸಿ ಹೆಚ್ಚು ಹೊತ್ತು ತಿರುಗಿಸಿದರೆ ಅದು ಕಾಳುಗಳ ಮೇಲೆ ಜಿಡ್ಡಿನ ಪದರವಾಗಿ ಕೂರುತ್ತದೆ. ಅಂಥ ಮಾತ್ರೆಯ ತೂಕ ಸರಿಯಿದ್ದರೂ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ಆದ್ದರಿಂದ ಮಿಕ್ಸರ್ ಶುರುವಾದ, ನಿಂತ ಹೊತ್ತನ್ನೂ ಬರೆಯುತ್ತಾರೆ.

ಕೊನೆಗೆ ಲೆಕ್ಕ: 60 ಕಿಲೋದಲ್ಲಿ ಒಳ್ಳೆಯ ಮಾತ್ರೆ 58.5, ತಿರಸ್ಕರಿಸಿದ್ದು 0.8, ಧೂಳು 0.4. ಉಳಿದ 0.3 ಕಿಲೋ ಯಂತ್ರಕ್ಕೆ ಅಂಟಿರಬಹುದು. ಮೂರು ಕಿಲೋ ಕಾಣೆಯಾದರೆ ಅದು 5,000 ಮಾತ್ರೆಗಳ ಲೆಕ್ಕ. ಕಾರಣ ಸಿಗುವವರೆಗೆ ಬ್ಯಾಚ್ ಪ್ಯಾಕಿಂಗಿಗೆ ಹೋಗುವುದಿಲ್ಲ.