ಅರಬ್ಬಿ ಮದುವೆ ಕರೆಯೋಲೆ ಮತ್ತು ಅದರ ಉತ್ತರ

ಅರಬ್ಬಿ ಮದುವೆಯ ಕರೆಯೋಲೆ ಸಾಮಾನ್ಯವಾಗಿ ಬಿಸ್ಮಿಲ್ಲಾದಿಂದ ಆರಂಭವಾಗುತ್ತದೆ. ಮುಖ್ಯ ವಾಕ್ಯದ ಮೊದಲ ಪದ ‘ಯತಶರ್ರಫು’, ಅಂದರೆ ‘ಗೌರವವೆಂದು ಭಾವಿಸುತ್ತಾರೆ’. ಕರೆಯುವ ತಂದೆ ‘ನಾನು’ ಎನ್ನದೆ ತನ್ನ ಹೆಸರನ್ನೇ ಬರೆದುಕೊಳ್ಳುತ್ತಾನೆ. ಮುಂದೆ ‘ಬಿದಅವತಿಕುಮ್ ಲಿಹುದೂರಿ ಹಫ್ಲಿ ಝಿಫಾಫ್’: ವಿವಾಹ ಸಮಾರಂಭಕ್ಕೆ ಬರುವಂತೆ ನಿಮ್ಮನ್ನು ಆಹ್ವಾನಿಸಲು. ಮಗನನ್ನು ‘ನಜ್ಲ್’, ಮಗಳನ್ನು ‘ಕರೀಮಾ’ ಎನ್ನುತ್ತಾರೆ. ಎರಡೂ ಗೌರವದ ಪದಗಳು. ಕೊಲ್ಲಿ ನಾಡುಗಳ ಅನೇಕ ಪತ್ರಗಳಲ್ಲಿ ವಧುವಿನ ಹೆಸರಿರುವುದಿಲ್ಲ, ‘ಇಂಥವರ ಕರೀಮಾ’ ಎಂದಷ್ಟೇ ಇರುತ್ತದೆ.

ದಿನ, ಸ್ಥಳಗಳ ನಂತರ ‘ವಬಿಹುದೂರಿಕುಮ್ ಯತಿಮ್ಮುಸ್ಸುರೂರ್’ ಬರುತ್ತದೆ: ನೀವು ಬಂದರೆ ಸಂತೋಷ ಪೂರ್ಣವಾಗುತ್ತದೆ. ಕೆಳಗೆ ಕೆಲವೊಮ್ಮೆ ‘ಜನ್ನತುಲ್ ಅತ್ಫಾಲ್ ಮನಾಝಿಲುಹುಮ್’ ಎಂದಿರುತ್ತದೆ. ‘ಮಕ್ಕಳ ಸ್ವರ್ಗ ಅವರ ಮನೆ’ ಎಂಬ ಈ ಮಾತನ್ನು ಬರಿಯ ಸುಭಾಷಿತವೆಂದು ಓದಬಾರದು. ಮಕ್ಕಳನ್ನು ಕರೆತರಬೇಡಿ ಎಂಬ ಕೋರಿಕೆ ಅದು.

ಉತ್ತರದ ತಿರುಳು ಹಾರೈಕೆ. ವಧೂವರರಿಗೇ ಬರೆಯುವಾಗ ‘ಬಾರಕಲ್ಲಾಹು ಲಕುಮಾ’, ಅಲ್ಲಾಹನು ನಿಮ್ಮಿಬ್ಬರನ್ನು ಹರಸಲಿ. ಅರಬ್ಬಿಯಲ್ಲಿ ಇಬ್ಬರಿಗೆಂದೇ ದ್ವಿವಚನವಿದೆ. ಪತ್ರ ತಂದೆಗಾದರೆ ‘ಲಹುಮಾ’, ಅವರಿಬ್ಬರನ್ನು, ಎಂದಾಗಬೇಕು; ಕಲಿತ ಸಾಲನ್ನು ಹಾಗೆಯೇ ಇಳಿಸುವವರು ಎಡವುವುದು ಇಲ್ಲೇ. ಹೋಗಲಾಗದಿದ್ದರೆ ಮೊದಲು ಕರೆದುದಕ್ಕೆ ಕೃತಜ್ಞತೆ, ಆಮೇಲೆ ‘ಯುಅಸಿಫುನೀ’ (ನನಗೆ ವಿಷಾದವಿದೆ), ಕಾರಣವಾಗಿ ‘ಲಿದುರೂಫಿನ್ ಖಾರಿಜತಿನ್ ಅನ್ ಇರಾದತೀ’, ನನ್ನ ಕೈಮೀರಿದ ಸಂದರ್ಭಗಳಿಂದಾಗಿ. ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಹಾರೈಕೆಯನ್ನು ಮಾತ್ರ ಬಿಡುವಂತಿಲ್ಲ.