ಬುಕ್ಕಿಯ ದರದೊಳಗೆ ಅಡಗಿರುವ ರೇಟಿಂಗ್

ವಿದ್ಯಾರಣ್ಯಪುರಂನಿಂದ ಚಾಮುಂಡಿ ಬೆಟ್ಟದ ಕಡೆ ಹೊರಟರೆ ರೇಸ್ ಕೋರ್ಸ್ ಬಹಳ ದೂರವೇನಲ್ಲ. ಅಲ್ಲಿ ಕುದುರೆಯ ಮೇಲೆ ಹಣ ಕಟ್ಟುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ರೇಸು ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ಕೊಟ್ಟಿದೆ. ಊರಿನ ಇನ್ನೊಂದು ಮಗ್ಗುಲಲ್ಲಿ, ಮಾನಸಗಂಗೋತ್ರಿಯ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನದಲ್ಲಿ ನಡೆಯುವ ಕ್ರಿಕೆಟ್ಟಿಗೆ ಆ ಅವಕಾಶವಿಲ್ಲ. ಕ್ರಿಕೆಟ್ ಬೆಟ್ಟಿಂಗ್ ಅಂದರೆ ನಮ್ಮಲ್ಲಿ ಪೊಲೀಸ್ ಕೇಸು. ಆದರೆ ದರವನ್ನು ಓದುವುದಕ್ಕೂ ಹಣ ಕಟ್ಟುವುದಕ್ಕೂ ಸಂಬಂಧವಿಲ್ಲ. ತಂಡಗಳ ಬಲವನ್ನು ಅಳೆಯಲು ಹೊರಟವರಿಗೆ ಬುಕ್ಕಿಯ ದರ ಒಂದು ಒಳ್ಳೆಯ ಅಳತೆಗೋಲು. ಅದನ್ನು ಬಳಸುವ ಬಗೆಯನ್ನು ಈ ಅಧ್ಯಾಯದಲ್ಲಿ ನೋಡೋಣ.

ಮಹಾರಾಜ ಟ್ರೋಫಿಯನ್ನೇ ತೆಗೆದುಕೊಳ್ಳೋಣ. 2025ರ ಟೂರ್ನಿ ಮೈಸೂರಿನ ಇದೇ ಮೈದಾನದಲ್ಲಿ ನಡೆಯಿತು. ಆರು ತಂಡಗಳಲ್ಲಿ ಮೈಸೂರು ವಾರಿಯರ್ಸ್, ಮಂಗಳೂರು ಡ್ರ್ಯಾಗನ್ಸ್, ಹುಬ್ಬಳ್ಳಿ ಟೈಗರ್ಸ್ ಮೂರನ್ನು ಮಾತ್ರ ಇಟ್ಟುಕೊಂಡರೆ ಲೆಕ್ಕ ಕೈಯಲ್ಲೇ ಮುಗಿಯುತ್ತದೆ. ಮುಂದೆ ಬರುವ ದರಗಳೆಲ್ಲ ಉದಾಹರಣೆಗಾಗಿ ನಾನೇ ಹಾಕಿಕೊಂಡವು. ಯಾವ ಬುಕ್ಕಿಯೂ ಕೊಟ್ಟದ್ದಲ್ಲ.

ಮೈಸೂರು–ಹುಬ್ಬಳ್ಳಿ ಪಂದ್ಯಕ್ಕೆ ಮೈಸೂರಿನ ದರ 1.70, ಹುಬ್ಬಳ್ಳಿಯದು 2.15 ಅನ್ನಿ. ಮೈಸೂರಿನ ಮೇಲೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಅಸಲೂ ಸೇರಿ ರೂಪಾಯಿ ಎಪ್ಪತ್ತು ಪೈಸೆ ಕೈಗೆ ಬರುತ್ತದೆ. ಒಂದನ್ನು ದರದಿಂದ ಭಾಗಿಸಿದರೆ ಗೆಲುವಿನ ಸಂಭವ ಸಿಗಬೇಕು: ಮೈಸೂರಿಗೆ ಶೇ 58.8, ಹುಬ್ಬಳ್ಳಿಗೆ ಶೇ 46.5. ಕೂಡಿದರೆ 105.3! ನೂರರ ಮೇಲಿನ ಆ ಐದು ಚಿಲ್ಲರೆ ಬುಕ್ಕಿಯ ಮಾರ್ಜಿನ್. ಎರಡೂ ಸಂಖ್ಯೆಗಳನ್ನು 1.053ರಿಂದ ಭಾಗಿಸಿ ಅದನ್ನು ತೆಗೆದರೆ ಮೈಸೂರಿಗೆ ಉಳಿಯುವುದು ಶೇ 55.8. ಎರಡೂ ಕಡೆಯಿಂದ ಒಂದೇ ಪ್ರಮಾಣದಲ್ಲಿ ಕಳೆಯುವ ಈ ವಿಧಾನ ಸರಿಸಮ ಪಂದ್ಯಗಳಿಗೆ ಸಾಕು. ಒಂದು ತಂಡದ ದರ 1.20, ಇನ್ನೊಂದರದು 4.50 ಎಂಬಂಥ ಏಕಪಕ್ಷೀಯ ಪಂದ್ಯದಲ್ಲಿ ಮಾತ್ರ ಎಚ್ಚರ ಬೇಕು. ಬುಕ್ಕಿ ತನ್ನ ಮಾರ್ಜಿನ್ನಿನ ದೊಡ್ಡ ಪಾಲನ್ನು ಸಾಮಾನ್ಯವಾಗಿ ಸೋಲುವ ತಂಡದ ದರದಲ್ಲೇ ಹುದುಗಿಸಿರುತ್ತಾನೆ. ಸಮನಾಗಿ ಕಳೆದರೆ ಫೇವರಿಟ್ ತಂಡದ ಬಲ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ರೇಸಿನಲ್ಲಿ ಬಡಕಲು ಕುದುರೆಯ ಮೇಲಿನ ಆಸೆಗೆ ತೆರುವ ಬೆಲೆಯೂ ಇದೇ.

ಶೇಕಡಾವಾರುಗಳನ್ನು ಒಂದರ ಮೇಲೊಂದು ಕೂಡಲು ಕಳೆಯಲು ಬರುವುದಿಲ್ಲ. ರೇಟಿಂಗ್ ಅಂಕಗಳನ್ನು ಕೂಡಬಹುದು, ಕಳೆಯಬಹುದು. ಅದಕ್ಕೆ ಚೆಸ್ಸಿನಲ್ಲಿ ಬಳಕೆಯಲ್ಲಿರುವ ಎಲೊ ಅಳತೆ ಸಾಕು: ಅಂತರ ಸೊನ್ನೆಯಾದರೆ ಅರ್ಧಕ್ಕರ್ಧ, 400 ಆದರೆ ಹತ್ತಕ್ಕೆ ಒಂದು. ಸರಿಸಮ ತಂಡಗಳ ನಡುವೆ ಸುಮಾರು ಏಳು ಅಂಕ ಸೇರಿದರೆ ಗೆಲುವಿನ ಸಂಭವ ಶೇ 1ರಷ್ಟು ಬದಲಾಗುತ್ತದೆ. ಮಾರ್ಜಿನ್ ಅನ್ನು ಮೇಲಿನಂತೆ ಸಮನಾಗಿ ಕಳೆಯುವುದಾದರೆ ನಡುವಿನ ಹೆಜ್ಜೆಗಳೂ ಬೇಕಿಲ್ಲ. ಎರಡು ದರಗಳೇ ಸಾಕು.

```
D = 400 * log10(b / a)
```

ಇಲ್ಲಿ a ಮೊದಲ ತಂಡದ ದರ, b ಎದುರಾಳಿಯದು. 2.15 ಮತ್ತು 1.70 ಹಾಕಿದರೆ ಮೈಸೂರು ಹುಬ್ಬಳ್ಳಿಗಿಂತ 41 ಅಂಕ ಮುಂದೆ. ಮೈಸೂರು–ಮಂಗಳೂರು ಪಂದ್ಯದ ದರ 1.80 ಮತ್ತು 2.00 ಆದರೆ ಅಂತರ 18. ಮಂಗಳೂರು–ಹುಬ್ಬಳ್ಳಿಗೆ 1.85 ಮತ್ತು 1.95 ಆದರೆ 9.

ಈಗ ತಾಳೆ ನೋಡಿ. ಮೈಸೂರು ಮಂಗಳೂರಿಗಿಂತ 18 ಮುಂದೆ, ಮಂಗಳೂರು ಹುಬ್ಬಳ್ಳಿಗಿಂತ 9 ಮುಂದೆ ಎಂದಮೇಲೆ ಮೈಸೂರು ಹುಬ್ಬಳ್ಳಿಗಿಂತ 27 ಮುಂದಿರಬೇಕು. ದರ 41 ಅನ್ನುತ್ತಿದೆ. ಬೇರೆ ಬೇರೆ ದಿನದ ದರಗಳಲ್ಲಿ ಗಾಯಾಳುಗಳು, ಹನ್ನೊಂದರ ಪಟ್ಟಿ, ಕೆಲವೊಮ್ಮೆ ಟಾಸ್ ಕೂಡ ಬೆರೆತಿರುವುದರಿಂದ ಹೀಗಾಗುತ್ತದೆ. ತಪ್ಪಿದ 14 ಅಂಕವನ್ನು ಮೂರೂ ಪಂದ್ಯಗಳಿಗೆ ಸಮನಾಗಿ ಹಂಚಿ, ಮೂರು ತಂಡಗಳ ಮೊತ್ತ ಸೊನ್ನೆಯಾಗುವಂತೆ ಕೂರಿಸಿದರೆ ಮೈಸೂರು +20, ಮಂಗಳೂರು –3, ಹುಬ್ಬಳ್ಳಿ –17. ಮಾರುಕಟ್ಟೆಯ ಮನಸ್ಸಿನಲ್ಲಿರುವ ರೇಟಿಂಗ್ ಇದು. ಆರೂ ತಂಡಗಳಾದರೆ ಕನಿಷ್ಠ ವರ್ಗ ವಿಧಾನದಲ್ಲಿ ಕಂಪ್ಯೂಟರ್ ಇದನ್ನೇ ಮಾಡುತ್ತದೆ.

ಮೈಸೂರಿನ +20ರಲ್ಲಿ ಒಂದು ಸಿಕ್ಕು ಇದೆ. ಅದು ತಂಡದ ಬಲವೋ, ತವರು ಮೈದಾನದ ಲಾಭವೋ? ಪಂದ್ಯಗಳೆಲ್ಲ ಮೈಸೂರಿನಲ್ಲೇ ನಡೆದ ಟೂರ್ನಿಯಲ್ಲಿ ಇದನ್ನು ಬಿಡಿಸಲು ಸಾಧ್ಯವೇ ಇಲ್ಲ. ಎಷ್ಟು ದರ ಕಲೆಹಾಕಿದರೂ ಅಷ್ಟೇ. ಎರಡೂ ಯಾವಾಗಲೂ ಜೊತೆಯಾಗಿಯೇ ಬರುತ್ತವೆ. ಅದೇ ತಂಡ ಹೊರ ಊರಲ್ಲಿ ಆಡಿದ ಪಂದ್ಯಗಳ ದರ ಸಿಕ್ಕರಷ್ಟೇ ಬೇರ್ಪಡಿಸಬಹುದು. ಮೈಸೂರಿನಲ್ಲಿ ತೆಗೆದ ರೇಟಿಂಗನ್ನು ಮುಂದಿನ ವರ್ಷ ಬೆಂಗಳೂರಿಗೆ ಹೊತ್ತೊಯ್ದರೆ ಲೆಕ್ಕ ತಪ್ಪುವುದು ಇಲ್ಲೇ.

ಇನ್ನು ನಮ್ಮ ರೇಟಿಂಗ್. ಬರೀ ಸೋಲು–ಗೆಲುವಿನಿಂದ ಕಟ್ಟಿದ ನಮ್ಮ ಪಟ್ಟಿಯಲ್ಲಿ ಮೈಸೂರು +50, ಹುಬ್ಬಳ್ಳಿ –10, ಮಂಗಳೂರು –40 ಇದೆ ಅನ್ನಿ. ಹುಬ್ಬಳ್ಳಿ ಮಂಗಳೂರಿಗಿಂತ 30 ಅಂಕ ಮುಂದೆ, ಅಂದರೆ ಗೆಲುವಿನ ಸಂಭವ ಶೇ 54.3. ದರ ನೋಡಿದರೆ 1.95. ಗುಣಿಸಿದರೆ ರೂಪಾಯಿಗೆ ಸುಮಾರು ಆರು ಪೈಸೆ ಲಾಭ ಕಾಣುತ್ತದೆ. ಲೆಕ್ಕ ಕಲಿತ ಹುಡುಗರೂ ಎಡವುವುದು ಈ ಆರು ಪೈಸೆಯಲ್ಲಿ.

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಮೊದಲು ನೋಡಬೇಕಾದ್ದು ಯಾರು ಮೇಲೆ ಯಾರು ಕೆಳಗೆ ಎಂಬುದನ್ನಲ್ಲ, ಹರವನ್ನು. ಮಾರುಕಟ್ಟೆಯ ಪಟ್ಟಿಯಲ್ಲಿ ಮೊದಲ ತಂಡಕ್ಕೂ ಕೊನೆಯದಕ್ಕೂ 37 ಅಂಕ, ನಮ್ಮದರಲ್ಲಿ 90. ಕಾರಣ ಸರಳ. ಆರು ತಂಡಗಳು ಎರಡೆರಡು ಸಲ ಆಡಿದರೆ ತಂಡಕ್ಕೆ ಹತ್ತು ಪಂದ್ಯ. ಬಲದಲ್ಲಿ ಉಳಿದವರಿಗೆ ಸರಿಸಮವಾದ ತಂಡವೂ ಬರೀ ಅದೃಷ್ಟದಿಂದ ಹತ್ತರಲ್ಲಿ ಏಳು ಅಥವಾ ಹೆಚ್ಚು ಗೆಲ್ಲುವುದು ಆರು ಸಲಕ್ಕೊಮ್ಮೆ ಆಗುತ್ತದೆ. ಆ 7–3ನ್ನು ನೇರ ಅಂಕಕ್ಕೆ ಇಳಿಸಿದರೆ 147 ಬಂದುಬಿಡುತ್ತದೆ! ಫಲಿತಾಂಶದಿಂದ ಕಟ್ಟಿದ ರೇಟಿಂಗ್ ಉಬ್ಬಿಯೇ ಇರುತ್ತದೆ.

ಹಾಗಾಗಿ ನಮ್ಮ ಅಂಕಗಳನ್ನು ಕುಗ್ಗಿಸಬೇಕು. ಎಷ್ಟು? ನಮ್ಮ ಅಂಕವನ್ನು ಮಾರುಕಟ್ಟೆಯ ಅಂಕದಿಂದ ತಂಡವಾರು ಗುಣಿಸಿ ಕೂಡಿದರೆ 1,290, ನಮ್ಮ ಅಂಕಗಳ ವರ್ಗಗಳ ಮೊತ್ತ 4,200, ಭಾಗಿಸಿದರೆ 0.31. (ಮೂರೇ ತಂಡಗಳಿಂದ ತೆಗೆದ ಈ ಸಂಖ್ಯೆಯನ್ನು ಹೆಚ್ಚು ನಂಬಬಾರದು, ನಿಜವಾಗಿ ಮಾಡುವಾಗ ಹಲವು ಟೂರ್ನಿಗಳ ಪಟ್ಟಿಗಳು ಬೇಕು.) ಆ ಪ್ರಮಾಣದಲ್ಲಿ ಕುಗ್ಗಿಸಿದರೆ ಮೈಸೂರು +15, ಹುಬ್ಬಳ್ಳಿ –3, ಮಂಗಳೂರು –12. ಹುಬ್ಬಳ್ಳಿಯ ಮುನ್ನಡೆ 30ರಿಂದ 9ಕ್ಕೆ ಇಳಿಯಿತು. ಗೆಲುವಿನ ಸಂಭವ ಶೇ 51.3. 1.95ರ ದರಕ್ಕೆ ಅಸಲು ಕೈಸೇರಲು ಬೇಕಾದ್ದೂ ಶೇ 51.3. ಆರು ಪೈಸೆ ಆವಿಯಾಯಿತು.

ಉಳಿಯುವುದು ನಿಜವಾದ ಭಿನ್ನಾಭಿಪ್ರಾಯ. ಹುಬ್ಬಳ್ಳಿಗೆ ನಾವು ಮಾರುಕಟ್ಟೆಗಿಂತ 14 ಅಂಕ ಹೆಚ್ಚು ಕೊಡುತ್ತಿದ್ದೇವೆ, ಸುಮಾರು ಶೇ 2. ಇಂಥ ವ್ಯತ್ಯಾಸ ಕಂಡಾಗ ಮೊದಲು ಕೇಳಬೇಕಾದ್ದು ಬುಕ್ಕಿಗೆ ಏನು ಗೊತ್ತಿಲ್ಲ ಎಂದಲ್ಲ, ನಮಗೆ ಏನು ಗೊತ್ತಿಲ್ಲ ಎಂದು. ಮುಖ್ಯ ಬೌಲರ್ ರಾಜ್ಯ ತಂಡಕ್ಕೆ ಹೋಗಿದ್ದಾನೆಯೇ, ನಾಯಕ ಗಾಯಗೊಂಡಿದ್ದಾನೆಯೇ? ಗೆಲುವು ಸೋಲುಗಳ ನಮ್ಮ ಪಟ್ಟಿಗೆ ಇದೊಂದೂ ತಿಳಿಯದು.

ನಮ್ಮ ಪಟ್ಟಿಯಲ್ಲಿ ಸತ್ವವಿದೆಯೇ ಎಂದು ಫಲಿತಾಂಶಗಳಿಂದ ತಿಳಿಯಲು ವರ್ಷಗಳೇ ಬೇಕು. 2025ರಲ್ಲಿ ಕಪ್ ಎತ್ತಿದ್ದು ಮಂಗಳೂರು ಡ್ರ್ಯಾಗನ್ಸ್. ಒಂದು ಕಪ್ಪಿನಿಂದ ಯಾರ ರೇಟಿಂಗೂ ಸರಿಯೆಂದಾಗಲಿ ತಪ್ಪೆಂದಾಗಲಿ ಸಾಬೀತಾಗುವುದಿಲ್ಲ. ಬೇಗ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿದೆ. ಬೆಳಗಿನ ದರವನ್ನೂ ಪಂದ್ಯ ಶುರುವಾಗುವ ಮುಂಚಿನ ಕೊನೆಯ ದರವನ್ನೂ ಬರೆದಿಟ್ಟು, ಎರಡನ್ನೂ ಅಂಕಕ್ಕೆ ಇಳಿಸಿ. ನಾವು ಬೇರೆ ಮಾತು ಹೇಳಿದ ಪಂದ್ಯಗಳಲ್ಲಿ ದರ ದಿನವಿಡೀ ನಮ್ಮ ಕಡೆಗೆ ಸರಿದಿದೆಯೋ, ದೂರ ಸರಿದಿದೆಯೋ ನೋಡಿ. ಹೆಚ್ಚು ಸಲ ನಮ್ಮ ಕಡೆಗೇ ಸರಿದಿದ್ದರೆ ಬೆಳಗಿನ ಮಾರುಕಟ್ಟೆಗೆ ಕಾಣದ್ದೇನೋ ನಮ್ಮ ಪಟ್ಟಿಗೆ ಕಂಡಿದೆ. ಕದಲದೆ ನಿಂತಿದ್ದರೆ ಅಥವಾ ದೂರ ಹೋಗಿದ್ದರೆ ಆ 14 ಅಂಕ ನಮ್ಮದೇ ಪಟ್ಟಿಯ ಗದ್ದಲ.